ಎರಡು ನಿದ್ದೆಗಳ ನಡುವಿನ ಎಚ್ಚರ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯಿಂದ ಬರುವ ಹಿರಿಯರು ವೈದ್ಯನಾದ ನನ್ನ ಮುಂದೆ ಮತ್ತೆ ಮತ್ತೆ ಇಡುವ ದೂರೊಂದಿದೆ. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲ ಹೇಳಿ ಮುಗಿದ ಮೇಲೆ, ಕುರ್ಚಿಯಿಂದ ಏಳುವ ಹೊತ್ತಿಗೆ ಆ ಮಾತು ಬರುತ್ತದೆ: “ಒಂದು ನಿದ್ದೆ ಸೆಂದಾಗೇ ಬತ್ತದೆ ಸಾರ್. ಆಮೇಕೆ ಕಣ್ಣು ಬುಟ್ರೆ ಒಂದು ಗಂಟೆ ನಿದ್ದೇನೇ ಬರಾಕಿಲ್ಲ. ತಿರ್ಗಾ ಬೆಳಗಿನ ಜಾವಕ್ಕೆ ಕಣ್ಣು ಅತ್ಕತ್ತದೆ. ಇದ್ಕೊಂದು ಮಾತ್ರೆ ಬರ್ಕೊಡಿ.”

ಈ ದೂರಿಗೆ ಎರಡು ಉತ್ತರಗಳು ಸಿದ್ಧವಾಗಿ ಸಿಗುತ್ತವೆ. ನಡುರಾತ್ರಿ ಎಚ್ಚರವಾಗುವುದೇ ಕಾಯಿಲೆ, ಮಾತ್ರೆ ನುಂಗಿ ಒಂದೇ ಪಟ್ಟಿನಲ್ಲಿ ಮಲಗಬೇಕು ಎನ್ನುವುದು ಒಂದು. ಮನುಷ್ಯರೆಲ್ಲ ಹಿಂದೆ ಎರಡು ಕಂತಿನಲ್ಲೇ ಮಲಗುತ್ತಿದ್ದರು, ವಿದ್ಯುತ್ ದೀಪ ಬಂದು ಅದನ್ನು ಕೆಡಿಸಿತು, ಆದ್ದರಿಂದ ಇದೇ ನಿಜವಾದ ನಿದ್ದೆ ಎನ್ನುವುದು ಇನ್ನೊಂದು. ಇತ್ತೀಚೆಗೆ ಈ ಎರಡನೆಯ ಮಾತು ಬಹಳ ಜನಪ್ರಿಯವಾಗಿದೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಎರಡನ್ನು ನಂಬಿದವರೂ ತೊಂದರೆಗೆ ಸಿಕ್ಕುವುದನ್ನು ನಾನು ನೋಡಿದ್ದೇನೆ. ಹಾಗಾಗಿ ಈ ಒಂದು ಗಂಟೆಯ ಎಚ್ಚರ ಎಲ್ಲಿಂದ ಬರುತ್ತದೆ, ಯಾವಾಗ ಅದನ್ನು ಅದರ ಪಾಡಿಗೆ ಬಿಡಬಹುದು, ಯಾವಾಗ ಬಿಡಬಾರದು ಎನ್ನುವುದನ್ನು ಇವತ್ತು ನಿಧಾನವಾಗಿ ನೋಡೋಣ.

ಮೊದಲಿಗೆ ಒಂದು ಸಂಗತಿ. ರಾತ್ರಿಯಿಡೀ ಒಮ್ಮೆಯೂ ಎಚ್ಚರಗೊಳ್ಳದೆ ಮಲಗುವ ವಯಸ್ಕರು ಇಲ್ಲ. ನಮ್ಮ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನಲ್ಲೂ ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಒಂದರ ಹಿಂದೆ ಒಂದು ಬರುತ್ತವೆ. ಸುತ್ತು ಮುಗಿಯುವಾಗ ಎಷ್ಟೋ ಸಲ ಕೆಲವು ಕ್ಷಣ ಎಚ್ಚರವಾಗುತ್ತದೆ. ಮಗ್ಗುಲು ಬದಲಿಸುತ್ತೇವೆ, ಹೊದಿಕೆ ಎಳೆದುಕೊಳ್ಳುತ್ತೇವೆ, ಮತ್ತೆ ಮಲಗುತ್ತೇವೆ. ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಅಂದರೆ ಎಚ್ಚರವಾಗುವುದು ಎಲ್ಲರಿಗೂ ಇದ್ದದ್ದೇ. ಕೆಲವರಿಗೆ ಆ ಎಚ್ಚರ ಒಂದು ಗಂಟೆಯಷ್ಟು ಉದ್ದವಾಗುವುದೇಕೆ ಎನ್ನುವುದೇ ಇಲ್ಲಿರುವ ಪ್ರಶ್ನೆ.

ಇದಕ್ಕೆ ಒಳ್ಳೆಯ ವಿವರಣೆ ಸಿಕ್ಕಿದ್ದು 1982ರಲ್ಲಿ. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ, ನಿದ್ದೆಯನ್ನು ನಡೆಸುವ ಶಕ್ತಿಗಳು ಎರಡು ಎಂದು ತೋರಿಸಿಕೊಟ್ಟರು. ನೊಗಕ್ಕೆ ಕಟ್ಟಿದ ಎರಡು ಎತ್ತುಗಳೆಂದು ಇಟ್ಟುಕೊಳ್ಳಿ. ಒಂದು, ಹಗಲೆಲ್ಲ ಸೇರುತ್ತ ಹೋಗುವ ನಿದ್ದೆಯ ಒತ್ತಡ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಹೆಚ್ಚುತ್ತ ಹೋಗುತ್ತದೆ, ಕಣ್ಣು ಭಾರವಾಗುತ್ತದೆ. ಕಾಫಿ ನಿದ್ದೆಯನ್ನು ದೂರ ತಳ್ಳುವುದು ಈ ಅಡಿನೋಸಿನ್ನಿನ ಕೆಲಸಕ್ಕೆ ಅಡ್ಡ ನಿಂತೇ. ಇನ್ನೊಂದು, ದೇಹದ ಒಳಗಡಿಯಾರ. ಬೆಳಕು ಕತ್ತಲೆಗಳನ್ನು ಅನುಸರಿಸಿ ಅದು ಮೈಯ ಬಿಸಿಯನ್ನು ಏರಿಸುತ್ತದೆ, ಇಳಿಸುತ್ತದೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಮೈಯ ಬಿಸಿ ಅತ್ಯಂತ ಕಡಿಮೆ ಇರುತ್ತದೆ, ಆಗ ಗಡಿಯಾರ ನಿದ್ದೆಯ ಕಡೆಗೆ ಬಲವಾಗಿ ಎಳೆಯುತ್ತದೆ.

ಈಗ ರಾತ್ರಿ ಬೇಗ ಮಲಗಿದವರನ್ನು ನೋಡಿ. ಒಂಬತ್ತಕ್ಕೆ ನಿದ್ದೆ ಹತ್ತಿದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ಮೊದಲ ಮೂರು ನಾಲ್ಕು ಗಂಟೆಯಲ್ಲೇ ಮುಗಿಯುತ್ತದೆ. ಒಂದು ಗಂಟೆಯ ಹೊತ್ತಿಗೆ ಹಗಲೆಲ್ಲ ಸೇರಿದ್ದ ಒತ್ತಡ ಬಹುಪಾಲು ಕರಗಿ, ಮೊದಲನೆಯ ಎತ್ತು ದಣಿದಿರುತ್ತದೆ. ಎರಡನೆಯದು ಜೋರಾಗಿ ಎಳೆಯಲು ಇನ್ನೂ ಸ್ವಲ್ಪ ಹೊತ್ತು ಬೇಕು. ಆ ನಡುವೆ ಗಾಡಿ ನಿಧಾನವಾಗುತ್ತದೆ. ಸುತ್ತು ಮುಗಿದಾಗ ಬರುವ ಸಣ್ಣ ಎಚ್ಚರ ಅಲ್ಲೇ ಸಿಕ್ಕಿ ಉದ್ದವಾಗುತ್ತದೆ. ಮೂರರ ಸುಮಾರಿಗೆ ಒಳಗಡಿಯಾರದ ಎಳೆತ ಹೆಚ್ಚಿ, ಮತ್ತೆ ನಿದ್ದೆ ಹತ್ತುತ್ತದೆ. ವಯಸ್ಸಾದಂತೆ ಗಾಢ ನಿದ್ದೆಯ ಪಾಲು ತಗ್ಗುತ್ತದೆ, ಒಳಗಡಿಯಾರವೂ ಮುಂದಕ್ಕೆ ಸರಿದು ಸಂಜೆಯೇ ಕಣ್ಣೆಳೆಯುತ್ತದೆ. ಆದ್ದರಿಂದಲೇ ಈ ಮಾತು ಇಪ್ಪತ್ತರವರಿಗಿಂತ ಅರವತ್ತು ದಾಟಿದವರ ಬಾಯಲ್ಲಿ ಹೆಚ್ಚು ಕೇಳಿಬರುವುದು.

ಎರಡು ನಿದ್ದೆಯ ಮಾತು ಇಷ್ಟು ಹರಡಲು ಕಾರಣರಾದವರು ಅಮೆರಿಕದ ಇತಿಹಾಸಕಾರ ರೋಜರ್ ಎಕರ್ಚ್. 2001ರಲ್ಲಿ ಅವರು ಒಂದು ದೊಡ್ಡ ಲೇಖನ ಪ್ರಕಟಿಸಿದರು. ಯುರೋಪಿನ ಹಳೆಯ ನ್ಯಾಯಾಲಯದ ಹೇಳಿಕೆಗಳು, ದಿನಚರಿಗಳು, ವೈದ್ಯರ ಪುಸ್ತಕಗಳನ್ನು ಹುಡುಕಿದಾಗ ಮೊದಲ ನಿದ್ದೆ, ಎರಡನೆಯ ನಿದ್ದೆ ಎಂಬ ಮಾತುಗಳು ಅವರಿಗೆ ಎಲ್ಲೆಲ್ಲೂ ಸಿಕ್ಕವು. ಆ ಕಾಲದ ಜನ ನಡುರಾತ್ರಿ ಎದ್ದು ಒಲೆ ನೋಡುತ್ತಿದ್ದರು, ಪ್ರಾರ್ಥನೆ ಮಾಡುತ್ತಿದ್ದರು, ಪಕ್ಕದವರ ಜೊತೆ ಮಾತಾಡುತ್ತಿದ್ದರು, ಆಮೇಲೆ ಮತ್ತೆ ಮಲಗುತ್ತಿದ್ದರು. ಅದನ್ನು ಯಾರೂ ಕಾಯಿಲೆ ಎಂದು ತಿಳಿದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪಗಳು ಹೆಚ್ಚಿ, ಜನ ತಡವಾಗಿ ಮಲಗತೊಡಗಿದ ಹಾಗೆ ಆ ರೂಢಿ ಕಾಣೆಯಾಯಿತು ಎಂಬುದು ಎಕರ್ಚ್ ಅವರ ವಾದ.

ಇದಕ್ಕೆ ಪ್ರಯೋಗದ ಬೆಂಬಲವೂ ಇತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಥಾಮಸ್ ವೇರ್ ಎಂಬ ವೈದ್ಯರು ಕೆಲವು ಆರೋಗ್ಯವಂತರನ್ನು ನಾಲ್ಕು ವಾರ, ದಿನಕ್ಕೆ ಹದಿನಾಲ್ಕು ಗಂಟೆ ಕತ್ತಲಲ್ಲಿ ಇರಿಸಿದರು. ದೀಪವಿಲ್ಲ, ಮಾಡಲು ಕೆಲಸವಿಲ್ಲ. ಮೊದಮೊದಲ ರಾತ್ರಿಗಳಲ್ಲಿ ಅವರು ಬಹಳ ಉದ್ದವಾಗಿ, ಹತ್ತು ಹನ್ನೊಂದು ಗಂಟೆ ಮಲಗಿಬಿಟ್ಟರು. ಅಷ್ಟು ದಿನ ಕಡಿಮೆ ಮಲಗಿದ್ದರ ಸಾಲ ತೀರಿಸುತ್ತಿದ್ದರು. ಸಾಲ ತೀರಿದ ಮೇಲೆ ನಿದ್ದೆ ಎಂಟು ಗಂಟೆಯ ಆಸುಪಾಸಿಗೆ ಇಳಿದು, ಎರಡು ತುಂಡಾಯಿತು. ನಡುವೆ ಒಂದರಿಂದ ಮೂರು ಗಂಟೆ ಎಚ್ಚರ. ಆ ಎಚ್ಚರದಲ್ಲಿ ಚಡಪಡಿಕೆ ಇರಲಿಲ್ಲ, ಮನಸ್ಸು ಶಾಂತವಾಗಿತ್ತು.

ಈ ಪ್ರಯೋಗದಿಂದ ನಾನು ಕಲಿತ ಮುಖ್ಯ ಪಾಠ ಆ ಕೊನೆಯ ಭಾಗದಲ್ಲಿದೆ. ನಿದ್ದೆ ಎರಡಾದದ್ದು ಸಾಲ ತೀರಿದ ಮೇಲೆ. ಅಲ್ಲಿಯವರೆಗೆ ಅದು ಒಂದೇ ಪಟ್ಟಾಗಿತ್ತು. ರಾತ್ರಿ ದೇಹಕ್ಕೆ ಬೇಕಾದದ್ದಕ್ಕಿಂತ ಉದ್ದವಿದ್ದಾಗ ಮಿಕ್ಕ ಹೊತ್ತು ಎಲ್ಲಾದರೂ ಬೀಳಲೇಬೇಕು. ಅದು ನಡುವೆ ಬಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದರಿಂದಲೇ ಲೆಕ್ಕ ಹಾಕೋಣ.

ಹಾಗಾದರೆ ಎಲ್ಲ ಮನುಷ್ಯರ ಸಹಜ ನಿದ್ದೆಯೂ ಇದೇ ಏನು? ಇಲ್ಲ. 2015ರಲ್ಲಿ ಅಮೆರಿಕದ ಜೆರೋಮ್ ಸೀಗಲ್ ಮತ್ತು ಅವರ ಸಂಗಡಿಗರು ವಿದ್ಯುತ್ ಇಲ್ಲದೆ ಬದುಕುವ ಮೂರು ಸಮುದಾಯಗಳ ನಿದ್ದೆಯನ್ನು ಕೈಗೆ ಕಟ್ಟುವ ಯಂತ್ರದಿಂದ ಅಳೆದು ಪ್ರಕಟಿಸಿದರು. ಟಾಂಜಾನಿಯದ ಹಾಡ್ಜಾ, ನಮೀಬಿಯದ ಸಾನ್, ಬೊಲಿವಿಯದ ಚಿಮಾನೆ ಜನ. ಅವರು ಸೂರ್ಯ ಮುಳುಗಿದ ಕೂಡಲೇ ಮಲಗುತ್ತಿರಲಿಲ್ಲ, ಸರಾಸರಿ ಮೂರು ಗಂಟೆಗೂ ಹೆಚ್ಚು ಹೊತ್ತು ಬೆಂಕಿಯ ಸುತ್ತ ಎಚ್ಚರವಾಗಿರುತ್ತಿದ್ದರು. ಮಲಗಿದ ಮೇಲೆ ಆರರಿಂದ ಏಳು ಗಂಟೆಯ ನಿದ್ದೆ, ಹೆಚ್ಚುಕಡಿಮೆ ಒಂದೇ ಪಟ್ಟಿನಲ್ಲಿ. ನಡುವೆ ನಿಯಮಿತವಾದ ಎಚ್ಚರ ಅವರಲ್ಲಿ ಕಾಣಲಿಲ್ಲ. ಆದರೆ ಇದಾದ ಎರಡು ವರ್ಷಕ್ಕೆ, 2017ರಲ್ಲಿ, ಮಡಗಾಸ್ಕರಿನ ವಿದ್ಯುತ್ ಇಲ್ಲದ ಒಂದು ಕೃಷಿ ಹಳ್ಳಿಯ ಅಧ್ಯಯನ ಬಂತು. ಅಲ್ಲಿನ ಜನ ನಡುರಾತ್ರಿಯ ನಂತರ ಎದ್ದು ಓಡಾಡಿ ಮತ್ತೆ ಮಲಗುತ್ತಿದ್ದರು.

ನಮ್ಮ ನೆಲದ ಸಾಕ್ಷಿಯನ್ನೂ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಮೊದಲ ಬಾರಿಗೆ ಅಚ್ಚು ಮಾಡಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ರಾಜನ ದಿನಚರಿ ಇದೆ. ರಾತ್ರಿಯನ್ನು ಎಂಟು ಪಾಲು ಮಾಡಿ, ಅಂದರೆ ಸುಮಾರು ಒಂದೂವರೆ ಗಂಟೆಗೆ ಒಂದರಂತೆ, ಮೂರನೆಯ ಪಾಲಿನಲ್ಲಿ ರಾಜ ವಾದ್ಯದ ದನಿಯೊಂದಿಗೆ ಶಯನಗೃಹಕ್ಕೆ ಹೋಗಬೇಕು, ನಾಲ್ಕು ಮತ್ತು ಐದನೆಯ ಪಾಲಿನಲ್ಲಿ ಮಲಗಬೇಕು, ಆರನೆಯದರಲ್ಲಿ ವಾದ್ಯದ ದನಿಗೇ ಏಳಬೇಕು ಎಂದು ಅಲ್ಲಿ ಹೇಳಿದೆ. ಕಡಿಮೆ ನಿದ್ದೆ ಅದು, ಆದರೆ ಒಂದೇ ಪಟ್ಟು. ಎದ್ದ ಮೇಲೆ ಮತ್ತೆ ಮಲಗುವ ಮಾತಿಲ್ಲ. ರಾಜನಿಗೆ ಹಾಕಿಕೊಟ್ಟ ಕಟ್ಟಳೆಯಿಂದ ರೈತರ ರಾತ್ರಿ ಹೇಗಿತ್ತೆಂದು ತಿಳಿಯುವುದಿಲ್ಲ, ನಿಜ. ಆದರೂ ಪ್ರಾಚೀನರೆಲ್ಲ ಎರಡು ಕಂತಿನಲ್ಲಿ ಮಲಗುತ್ತಿದ್ದರು ಎನ್ನುವ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲು ಇದು ಬಿಡುವುದಿಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟರೆ ಮನುಷ್ಯರ ನಿದ್ದೆ ಎರಡು ಕಡೆಗೂ ಬಾಗುತ್ತದೆ ಎಂದು ತಿಳಿಯುತ್ತದೆ. ಯಾವ ಕಡೆ ಬಾಗುತ್ತದೆ ಎನ್ನುವುದು ಹಾಸಿಗೆಯಲ್ಲಿ ಎಷ್ಟು ಹೊತ್ತು ಕಳೆಯುತ್ತೇವೆ, ದಿನ ಹೇಗೆ ಕಳೆದಿದೆ ಎನ್ನುವುದರ ಮೇಲೆ ನಿಂತಿದೆ. ಯುರೋಪಿನ ಚಳಿಗಾಲದ ರಾತ್ರಿ ಬಹಳ ಉದ್ದ. ಡಿಸೆಂಬರಿನಲ್ಲಿ ಲಂಡನ್ನಿನ ರಾತ್ರಿ ಹದಿನಾರು ಗಂಟೆ. ಕೋಡಿಹಳ್ಳಿಯ ಅತಿ ಉದ್ದದ ರಾತ್ರಿ ಹನ್ನೆರಡೂವರೆ ಗಂಟೆಗೆ ತುಸು ಹೆಚ್ಚು, ಅತಿ ಚಿಕ್ಕದು ಹನ್ನೊಂದು ಗಂಟೆಗೆ ತುಸು ಹೆಚ್ಚು. ವೇರ್ ಅವರ ಹದಿನಾಲ್ಕು ಗಂಟೆಯ ಕತ್ತಲೆ ನಮ್ಮ ಸೀಮೆಗೆ ಯಾವ ತಿಂಗಳಲ್ಲೂ ಬರುವುದಿಲ್ಲ. ಆದರೂ ನಮ್ಮಲ್ಲಿ ಬೇಗ ಮಲಗುವ ರೂಢಿ ಇತ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಹಳ್ಳಿಯ ಮನೆಗಳಿಗೆ ಅದು ಬರಲು ಇನ್ನೂ ಹಲವು ದಶಕ ಬೇಕಾಯಿತು. ಅಲ್ಲಿಯವರೆಗೆ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಮುದ್ದೆ ಉಂಡು, ಎಣ್ಣೆ ಉಳಿಸಲು ದೀಪ ಆರಿಸಿ ಮಲಗುವುದೇ ವಾಡಿಕೆ. ಎಂಟಕ್ಕೆ ಮಲಗಿ ಐದಕ್ಕೆ ಏಳುವವರಿಗೆ ನಡುವೆ ಒಂದು ಗಂಟೆ ಎಚ್ಚರವಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈಗ ಆ ಹಿರಿಯರ ಲೆಕ್ಕವನ್ನೇ ಹಾಕೋಣ. ಅರವತ್ತೈದು ವರ್ಷದ ಒಬ್ಬ ರೈತರು ಎಂದುಕೊಳ್ಳಿ. “ಯಜಮಾನ್ರೆ, ಎಷ್ಟೊತ್ತಿಗೆ ಮಲಗ್ತೀರಿ?” ಎಂದು ಕೇಳಿದರೆ ಎಂಟೂವರೆ ಎನ್ನುತ್ತಾರೆ. ನಿದ್ದೆ ಹತ್ತುವುದು ಒಂಬತ್ತಕ್ಕೆ. ಎಚ್ಚರವಾಗುವುದು ಒಂದಕ್ಕೆ. ಮತ್ತೆ ಕಣ್ಣು ಹತ್ತುವುದು ಎರಡೂಕಾಲಿಗೆ. ಏಳುವುದು ಐದಕ್ಕೆ. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯ ಮೇಲೆ ಒಂದು ಗಂಟೆ ನಿದ್ದೆ. ಈಗ ಕೂಡಿಸಿ. ಮೊದಲ ನಿದ್ದೆ ನಾಲ್ಕು ಗಂಟೆ, ಎರಡನೆಯದು ಎರಡು ಮುಕ್ಕಾಲು, ಸೇರಿ ಆರು ಮುಕ್ಕಾಲು ಗಂಟೆ. ಹಗಲಿನ ಒಂದು ಗಂಟೆ ಸೇರಿದರೆ ಏಳು ಮುಕ್ಕಾಲು. ಅರವತ್ತೈದು ದಾಟಿದವರಿಗೆ ಏಳರಿಂದ ಎಂಟು ಗಂಟೆ ಸಾಕು ಎಂದು ನಿದ್ದೆಯ ತಜ್ಞರು ಹೇಳುತ್ತಾರೆ. ಈ ಹಿರಿಯರಿಗೆ ನಿದ್ದೆ ಕಡಿಮೆಯಾಗಿಯೇ ಇಲ್ಲ. ಹಾಸಿಗೆಯಲ್ಲಿ ಕಳೆದದ್ದು ಎಂಟೂವರೆ ಗಂಟೆ, ರಾತ್ರಿ ದೇಹ ಕೇಳಿದ್ದು ಆರು ಮುಕ್ಕಾಲು. ಮಿಕ್ಕ ಒಂದು ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಆರಂಭದಲ್ಲಿ ಹೋಯಿತು, ಒಂದೂಕಾಲು ಗಂಟೆ ನಡುವೆ ಬಿತ್ತು.

ಇಂಥವರಿಗೆ ಮಾತ್ರೆ ಕೊಟ್ಟರೆ ಇಲ್ಲದ ಕೊರತೆಗೆ ಮದ್ದು ಕೊಟ್ಟಂತೆ. ನಿದ್ದೆಮಾತ್ರೆಯ ಮಂಪರಿನಲ್ಲಿ ನಡುರಾತ್ರಿ ಎದ್ದ ಹಿರಿಯರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ನಿಜವಾದದ್ದು. ಹಾಗಾಗಿ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ: “ಹಗಲು ಹೆಂಗಿರ್ತೀರಿ?” ಕೆಲಸ ಸಾಗುತ್ತದೆ, ತಲೆ ಭಾರವಿಲ್ಲ, ಬಸ್ಸಿನಲ್ಲಿ ಕೂತರೆ ತೂಕಡಿಕೆ ಬರುವುದಿಲ್ಲ ಎಂದರೆ ಆ ಎಚ್ಚರವನ್ನು ಹಾಗೆಯೇ ಬಿಡಬಹುದು. ಅದು ಸಹಜ ರಾತ್ರಿಯ ಒಂದು ಭಾಗ.

ಆದರೂ ಅದು ಬೇಡ ಎನಿಸಿದರೆ ದಾರಿಯಿದೆ. ಅಮೆರಿಕದ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಕ್ರಮ ಇದು. ಹಾಸಿಗೆಯಲ್ಲಿರುವ ಹೊತ್ತನ್ನು ನಿಜವಾಗಿ ಮಲಗುವ ಹೊತ್ತಿನ ಹತ್ತಿರಕ್ಕೆ ತರುವುದು. ನಮ್ಮ ಹಿರಿಯರು ಎಂಟೂವರೆಯ ಬದಲು ಒಂಬತ್ತು ಮುಕ್ಕಾಲಿಗೆ ಹಾಸಿಗೆಗೆ ಹೋಗಬೇಕು. ಏಳುವುದು ಮಾತ್ರ ಯಾವ ರಾತ್ರಿ ಹೇಗೇ ಕಳೆದಿರಲಿ, ಐದಕ್ಕೇ. ಹಗಲಿನ ನಿದ್ದೆ ಇಪ್ಪತ್ತು ನಿಮಿಷ ಸಾಕು, ಅದೂ ಮೂರು ಗಂಟೆಯ ಒಳಗೆ. ಸಂಜೆ ಆರರಿಂದ ಒಂಬತ್ತರವರೆಗೆ ಕುರ್ಚಿಯಲ್ಲಿ ತೂಕಡಿಸದೆ ಬೆಳಕಿನಲ್ಲಿ ಕೂತು ಮಾತಾಡಲಿ, ಅಡ್ಡಾಡಲಿ. ಮೊದಲ ನಾಲ್ಕೈದು ದಿನ ಸ್ವಲ್ಪ ಹೆಚ್ಚೇ ನಿದ್ದೆ ಎಳೆಯುತ್ತದೆ, ಅದು ಬೇಕಾದದ್ದೇ, ಮೊದಲನೆಯ ಎತ್ತಿಗೆ ಬಲ ಬರುತ್ತಿರುವ ಲಕ್ಷಣ. ಎರಡು ವಾರದಲ್ಲಿ ನಡುವಿನ ಎಚ್ಚರ ಬಹಳ ಮಂದಿಗೆ ಕಾಲು ಅರ್ಧ ಗಂಟೆಗೆ ಇಳಿಯುತ್ತದೆ. ಆಮೇಲೂ ಹಗಲು ನಿದ್ದೆ ಎಳೆಯುತ್ತಿದ್ದರೆ ಹಾಸಿಗೆಯ ಹೊತ್ತನ್ನು ಕಾಲು ಗಂಟೆಯಂತೆ ಹೆಚ್ಚಿಸಬೇಕು. ಮೂರ್ಛೆರೋಗ ಇರುವವರು, ವಾಹನ ಓಡಿಸುವುದೇ ಕಸುಬಾದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ನಿದ್ದೆ ಕಡಿಮೆಯಾದರೆ ಮೂರ್ಛೆ ಬರಬಹುದು, ಚಕ್ರದ ಹಿಂದೆ ಕಣ್ಣು ಮುಚ್ಚಬಹುದು.

ಇನ್ನು ಕೋಡಿಹಳ್ಳಿ ಹೋಬಳಿಯ ಬೇರೊಂದು ಎಚ್ಚರದ ಮಾತು. ಅದು ತಾನಾಗಿ ಬರುವುದಿಲ್ಲ, ಕೆಲಸ ಎಬ್ಬಿಸುತ್ತದೆ. ಈ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವವರು ಬಹಳ. ಹುಳು ನಾಲ್ಕು ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಎಡೆಬಿಡದೆ ಮೇಯುತ್ತದೆ. ಜೀವನದಲ್ಲಿ ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಆ ವಾರದಲ್ಲೇ ತಿನ್ನುತ್ತದೆ. ಹಿಂದೆ ತಟ್ಟೆಯಲ್ಲಿ ಬಿಡಿ ಎಲೆ ಹಾಕುತ್ತಿದ್ದಾಗ ದಿನಕ್ಕೆ ನಾಲ್ಕೈದು ಸಲ ಕೊಡಬೇಕಿತ್ತು, ರಾತ್ರಿ ಎದ್ದೂ ಕೊಡಬೇಕಿತ್ತು. ಈಗ ರೆಂಬೆ ಸಮೇತ ಕೊಡುವುದರಿಂದ ಸೊಪ್ಪು ಬೇಗ ಬಾಡುವುದಿಲ್ಲ, ಮೂರು ಸಲ ಸಾಕು. ಆದರೂ ಕೊನೆಯ ಸಲ ಸೊಪ್ಪು ಹಾಕಿ ಮುಗಿಯುವಾಗ ರಾತ್ರಿ ಹನ್ನೊಂದಾಗುತ್ತದೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ತೋಟದಲ್ಲಿ ಸೊಪ್ಪು ಕೊಯ್ಯಬೇಕು. ಹುಳು ಹಣ್ಣಾದ ದಿನವಂತೂ ಹೊತ್ತಿನ ಲೆಕ್ಕವೇ ಇಲ್ಲ, ಆರಿಸಿ ಆರಿಸಿ ಚಂದ್ರಿಕೆಗೆ ಬಿಡುತ್ತಲೇ ಇರಬೇಕು. ಅದರ ಜೊತೆಗೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬಂದರೆ ಮೋಟಾರ್ ಹಾಕಲು ಒಬ್ಬರು ಏಳಬೇಕು. ರಾಗಿ ಕಾಳು ಕಟ್ಟುವ ಕಾಲಕ್ಕೆ ಕಾವೇರಿ ವನ್ಯಧಾಮದ ಕಡೆಯಿಂದ ಆನೆ ಇಳಿದರೆ ಅಟ್ಟಣೆಯ ಮೇಲೆ ಕಾವಲು.

ಹೀಗೆ ಮುರಿದ ನಿದ್ದೆಯನ್ನು ಎರಡು ನಿದ್ದೆ ಎಂದು ಕರೆದು ಸಮಾಧಾನ ಪಡಬೇಡಿ. ವೇರ್ ಅವರ ಪ್ರಯೋಗ ಕಲಿಸಿದ್ದನ್ನು ಇಲ್ಲಿ ಬಳಸಿ. ಸಹಜವಾದ ನಡುರಾತ್ರಿಯ ಎಚ್ಚರ ಬರುವುದು ನಿದ್ದೆಯ ಸಾಲ ಇಲ್ಲದವರಿಗೆ. ಹುಳು ಮನೆಯ ಹೆಣ್ಣುಮಗಳು ಗೂಡು ಮಾರಾಟವಾದ ರಾತ್ರಿ ಒಂಬತ್ತು ಗಂಟೆ ಅಲುಗಾಡದೆ ಮಲಗಿದರೆ, ಆ ವಾರವೆಲ್ಲ ದೇಹ ಸಾಲ ಮಾಡಿತ್ತು ಎಂದು ಅರ್ಥ. ಕೂತಲ್ಲೇ ತೂಕಡಿಕೆ, ಸಣ್ಣ ಮಾತಿಗೆ ಸಿಟ್ಟು, ಇಟ್ಟ ಜಾಗ ಮರೆಯುವುದು ಇವೂ ಅದರ ಗುರುತುಗಳೇ.

ಕೆಲಸ ಬಿಡಿ ಎಂದು ನಾನು ಹೇಳಲಾರೆ. ಹಂಚಿಕೊಳ್ಳಿ ಎಂದು ಮಾತ್ರ ಹೇಳುತ್ತೇನೆ. ಮನೆಯ ಇಬ್ಬರೂ ಪ್ರತಿ ಸಲವೂ ಏಳುವುದಕ್ಕಿಂತ ರಾತ್ರಿಯನ್ನು ಎರಡು ಪಾಲು ಮಾಡಿ. ಒಬ್ಬರು ಎಂಟೂವರೆಯಿಂದ ಎರಡರವರೆಗೆ ಯಾರೂ ಎಬ್ಬಿಸದಂತೆ ಮಲಗಲಿ, ಇನ್ನೊಬ್ಬರು ಹನ್ನೊಂದರಿಂದ ಬೆಳಗಿನವರೆಗೆ. ಐದಾರು ಗಂಟೆಯ ಒಂದು ಪಟ್ಟು ಇಬ್ಬರಿಗೂ ಸಿಕ್ಕರೆ ಗಾಢ ನಿದ್ದೆ ಕೈತಪ್ಪುವುದಿಲ್ಲ, ಕಡಿಮೆ ಬಿದ್ದದ್ದನ್ನು ಮಧ್ಯಾಹ್ನ ತುಂಬಿಕೊಳ್ಳಬಹುದು. ಮನೆಯಲ್ಲಿ ಸಂಜೆಯೇ ಕಣ್ಣೆಳೆಯುವ ಅಜ್ಜ, ತಡವಾಗಿ ಮಲಗುವ ಮೊಮ್ಮಗ ಇದ್ದರೆ ಈ ಹಂಚಿಕೆ ಸುಲಭ. ಹಾಡ್ಜಾ ಜನರ ಮೇಲಿನ 2017ರ ಇನ್ನೊಂದು ಅಧ್ಯಯನದಲ್ಲಿ ಮೂವತ್ತಮೂರು ಮಂದಿಯ ನಿದ್ದೆಯನ್ನು ಇಪ್ಪತ್ತು ದಿನ ನೋಡಿದಾಗ, ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದದ್ದು ಬರೀ ಹದಿನೆಂಟು ನಿಮಿಷ. ಒಂದೇ ಗುಂಪಿನಲ್ಲಿ ಬೇರೆ ಬೇರೆ ವಯಸ್ಸಿನವರು ಬೇರೆ ಬೇರೆ ಹೊತ್ತಿಗೆ ಮಲಗುವುದರಿಂದ ಕಾವಲು ತಾನಾಗಿ ನಡೆಯುತ್ತಿತ್ತು.

ಮೋಟಾರ್ ಹಾಕಲು, ಆನೆ ಅಟ್ಟಲು ಏಳುವವರಿಗೆ ಇನ್ನೊಂದು ಮಾತು. ಮಲಗಿದ ಒಂದೆರಡು ಗಂಟೆಯಲ್ಲಿ ಎಬ್ಬಿಸಿದರೆ ಗಾಢ ನಿದ್ದೆಯಿಂದ ಎದ್ದಂತಾಗುತ್ತದೆ. ಕಣ್ಣು ತೆರೆದಿದ್ದರೂ ಹದಿನೈದು ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ, ಬುದ್ಧಿ ಪೂರ್ತಿ ಎಚ್ಚರವಾಗಿರುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಸ್ಟಾರ್ಟರ್ ಮುಟ್ಟುವುದು, ಟಾರ್ಚ್ ಇಲ್ಲದೆ ಬದುವಿನ ಮೇಲೆ ನಡೆಯುವುದು ಆಗಲೇ. ಎದ್ದವರು ಮುಖ ತೊಳೆದು, ಬೆಳಕು ಹಾಕಿಕೊಂಡು, ಸ್ವಲ್ಪ ಹೊತ್ತು ಕೂತು, ಚಪ್ಪಲಿ ಮೆಟ್ಟಿ ಹೊರಡಲಿ.

ಕೊನೆಯದಾಗಿ, ಯಾವ ಎಚ್ಚರವನ್ನು ಸುಮ್ಮನೆ ಬಿಡಬಾರದು? ಮೂತ್ರಕ್ಕೆಂದು ರಾತ್ರಿ ಎರಡು ಮೂರು ಸಲ ಏಳುವವರು ರಕ್ತದ ಸಕ್ಕರೆ ನೋಡಿಸಬೇಕು. ಗಂಡಸರಲ್ಲಿ ಮೂತ್ರ ನಿಧಾನವಾಗಿ, ತಡೆದು ತಡೆದು ಬರುತ್ತಿದ್ದರೆ ಪ್ರಾಸ್ಟೇಟ್ ಗ್ರಂಥಿ ಊದಿರಬಹುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿದ್ದರೆ, ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಸಾಕಾಗಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು, ಏದುಸಿರಿನಿಂದ ಎಚ್ಚರವಾಗುವವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚುತ್ತಿರುತ್ತದೆ. ಅದು ಅವರಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರೇ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಇದನ್ನು ಅಳೆಯುತ್ತಾರೆ. ಮೂರು ನಾಲ್ಕಕ್ಕೆ ಎಚ್ಚರವಾಗಿ ಮತ್ತೆ ನಿದ್ದೆಯೇ ಬಾರದೆ, ಎದೆ ಭಾರವಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದಿದ್ದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ರಾತ್ರಿ ಕುಡಿದು ಮಲಗುವವರಿಗೂ ಬೇಗ ನಿದ್ದೆ ಹತ್ತಿ ನಡುರಾತ್ರಿ ಎಚ್ಚರವಾಗುತ್ತದೆ. ಮದ್ಯದ ಅಮಲು ಇಳಿಯುತ್ತಿದ್ದಂತೆ ಮಿದುಳು ಕೆರಳುವುದರಿಂದ ಬರುವ ಎಚ್ಚರ ಅದು, ಕುಡಿಯುವುದನ್ನು ಬಿಟ್ಟರೆ ಕಡಿಮೆಯಾಗುತ್ತದೆ.

ಎಚ್ಚರವಾದ ಆ ಗಂಟೆಯಲ್ಲಿ ಏನು ಮಾಡಬೇಕು ಎಂದು ಕೇಳುತ್ತೀರಿ. ಗಡಿಯಾರ ನೋಡಬೇಡಿ. ನೋಡಿದರೆ ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಮನಸ್ಸು ಲೆಕ್ಕಕ್ಕೆ ಇಳಿಯುತ್ತದೆ, ಆ ಲೆಕ್ಕವೇ ನಿದ್ದೆಯನ್ನು ಓಡಿಸುತ್ತದೆ. ಮೊಬೈಲ್ ಹಚ್ಚಬೇಡಿ, ಆ ಬೆಳಕು ಒಳಗಡಿಯಾರಕ್ಕೆ ಹಗಲಿನ ಸುಳಿವು ಕೊಡುತ್ತದೆ, ಅದರಲ್ಲಿ ಬರುವ ಸುದ್ದಿ ಇನ್ನೂ ಹೆಚ್ಚು ಎಬ್ಬಿಸುತ್ತದೆ. ಬೀಡಿ, ಟೀ ಎರಡೂ ಬೇಡ. ನೆಮ್ಮದಿಯಾಗಿದ್ದರೆ ಸುಮ್ಮನೆ ಮಲಗಿರಿ. ಚಡಪಡಿಕೆ ಶುರುವಾದರೆ ಎದ್ದು ಮಂದ ಬೆಳಕಿನಲ್ಲಿ ಕೂತು ದೇವರ ನಾಮ ಹೇಳಿಕೊಳ್ಳಿ, ಹುರುಳಿ ಆರಿಸಿ, ಪಕ್ಕದವರೂ ಎದ್ದಿದ್ದರೆ ಮೆಲ್ಲಗೆ ಮಾತಾಡಿ. ಕಣ್ಣು ಭಾರವಾದ ಮೇಲೆ ಹಾಸಿಗೆಗೆ ಮರಳಿ.

ಹಾಗಾದರೆ ದೊಡ್ಡವರಿಗೆ ಎರಡು ನಿದ್ದೆ ಸಹಜವೇ? ಬೇಗ ಮಲಗಿ, ಸಾಕಷ್ಟು ನಿದ್ದೆ ಮಾಡಿ, ಹಗಲು ಗಟ್ಟಿಯಾಗಿರುವವರಿಗೆ ಸಹಜ. ಆದರೆ ಅದೇ ಸರಿಯಾದ ನಿದ್ದೆ ಎಂದು ಒಂದೇ ಪಟ್ಟಿನಲ್ಲಿ ಮಲಗುವವರು ಗಡಿಯಾರ ಇಟ್ಟು ಏಳಬೇಕಾಗಿಲ್ಲ. ಎಚ್ಚರ ವಾರಕ್ಕೆ ಮೂರು ರಾತ್ರಿಯೋ ಅದಕ್ಕಿಂತ ಹೆಚ್ಚೋ ಬಂದು, ಮೂರು ತಿಂಗಳು ದಾಟಿ, ಹಗಲಿನ ಕೆಲಸ ಕೆಡಿಸುತ್ತಿದ್ದರೆ ಅದನ್ನು ನಿದ್ರಾಹೀನತೆ ಎಂದು ಪರಿಗಣಿಸಿ ಚಿಕಿತ್ಸೆ ಪಡೆಯಬೇಕು. ವೈದ್ಯರ ಬಳಿ ಹೋಗುವ ಮುಂಚೆ ಎರಡು ವಾರ, ಪ್ರತಿ ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲೇ ನಾಲ್ಕು ಹೊತ್ತು ಬರೆದಿಡಿ: ಮಲಗಿದ್ದು, ಎಚ್ಚರವಾದದ್ದು, ಮತ್ತೆ ಕಣ್ಣು ಹತ್ತಿದ್ದು, ಎದ್ದದ್ದು. ಹಗಲು ಮಲಗಿದ್ದರೆ ಅದನ್ನೂ ಸೇರಿಸಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಲಿ. ಆ ಹಾಳೆಯನ್ನು ಜೊತೆಗೆ ತಂದರೆ ಕೊರತೆ ಇರುವುದು ನಿದ್ದೆಯಲ್ಲೋ, ಮಲಗುವ ಹೊತ್ತಿನಲ್ಲೋ, ದೇಹದ ಬೇರೆ ಕಡೆಯಲ್ಲೋ ಎಂದು ವೈದ್ಯರು ಬೇಗ ತಿಳಿಯುತ್ತಾರೆ.